ರಜೆ ಅರ್ಜಿಯ ಜೊತೆಗೆ ಕೆಲಸ ಹಸ್ತಾಂತರದ ಟಿಪ್ಪಣಿ: ಬೇಗ ಒಪ್ಪಿಗೆ ಸಿಗಬೇಕಾದರೆ ಅದರಲ್ಲಿ ಏನೇನಿರಬೇಕು

ತಂಗಿಯ ಮದುವೆಗೆಂದು ಹತ್ತು ದಿನ ರಜೆ ಕೇಳಿದಾಗ ನಮ್ಮ ಮ್ಯಾನೇಜರ್ ಬೇಡ ಅನ್ನಲಿಲ್ಲ. "ನೀವು ಹೋಗ್ಬನ್ನಿ, ನಂಗೇನೂ ತೊಂದ್ರೆ ಇಲ್ಲ. ಆದ್ರೆ ಏಳನೇ ತಾರೀಕು ಟಿಡಿಎಸ್ ಯಾರು ಕಟ್ತಾರೆ?" ಅಂದರು. ಬಿಲ್ಲಿಂಗ್‌ನವರಿಗೆ ಹೇಳಿ ಹೋಗುತ್ತೇನೆ ಎಂದೆ. "ಅವರಿಗೆ ಲಾಗಿನ್ ಇದೆಯಾ?" ಎಂದು ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ರಜೆ ಅರ್ಜಿ ಮೇಜಿನ ಮೇಲೆ ನಾಲ್ಕೈದು ದಿನ ಕೂರುವುದಕ್ಕೆ ಹೆಚ್ಚಿನ ಸಲ ಕಾರಣ ಇಷ್ಟೇ. ಒಪ್ಪಿಗೆ ಕೊಡುವವರಿಗೆ ರಜೆಯ ಬಗ್ಗೆ ತಕರಾರು ಇರುವುದಿಲ್ಲ. ನೀವಿಲ್ಲದ ದಿನಗಳಲ್ಲಿ ಯಾವ ಕೆಲಸ ತಮ್ಮ ತಲೆಯ ಮೇಲೆ ಬಂದು ಬೀಳುತ್ತದೋ ಎಂಬುದು ಗೊತ್ತಿರುವುದಿಲ್ಲ, ಅದಕ್ಕೇ ಸಹಿ ಹಾಕಲು ಕೈ ಹಿಂಜರಿಯುತ್ತದೆ. ಆ ಅನುಮಾನವನ್ನು ಅವರು ಬಾಯಿ ಬಿಟ್ಟು ಕೇಳುವ ಮೊದಲೇ ತೀರಿಸುವ ಒಂದು ಪುಟದ ಬರಹವೇ ಹಸ್ತಾಂತರ ಟಿಪ್ಪಣಿ. ಸರ್ಕಾರಿ ಕಚೇರಿಗಳಲ್ಲಿ ಪ್ರಭಾರ ವಹಿಸುವುದು, ಚಾರ್ಜ್ ಕೊಡುವುದು ಎನ್ನುತ್ತಾರಲ್ಲ, ಅದೇ ಜಾತಿಯದು. ಖಾಸಗಿ ಕಂಪನಿಗಳಲ್ಲಿ ಸಾಮಾನ್ಯವಾಗಿ ಇದಕ್ಕೊಂದು ಫಾರಂ ಇರುವುದಿಲ್ಲ, ನಾವೇ ಬರೆದುಕೊಳ್ಳಬೇಕು.

ನಾನು ಇರುವುದು ಪೀಣ್ಯ ಕಡೆಯ ಸಣ್ಣ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ. ಹಾಗಾಗಿ 2025ರ ನವೆಂಬರ್ 6ರಿಂದ 15ರವರೆಗಿನ ಆ ರಜೆಯನ್ನೇ ಉದಾಹರಣೆಯಾಗಿ ಹಿಡಿದು, ಟಿಪ್ಪಣಿ ಹೇಗೆ ತಯಾರಾಯಿತು ಎಂದು ಹಂತಹಂತವಾಗಿ ಬರೆಯುತ್ತೇನೆ. ಅಕೌಂಟ್ಸ್‌ನವರು ಹೆಚ್ಚುಕಡಿಮೆ ಇದನ್ನೇ ಬಳಸಬಹುದು. ಬೇರೆ ವಿಭಾಗದವರು ತಾರೀಕು ಮತ್ತು ಕೆಲಸಗಳನ್ನು ಬದಲಿಸಿಕೊಳ್ಳಿ.

ಹಂತ 1: ಮೊದಲು ಕ್ಯಾಲೆಂಡರ್ ತೆರೆಯಿರಿ

ಟಿಪ್ಪಣಿ ಬರೆಯಲು ಕೂತವರು ಸಾಮಾನ್ಯವಾಗಿ ತಾವು ಮಾಡುವ ಎಲ್ಲ ಕೆಲಸಗಳನ್ನೂ ಪಟ್ಟಿ ಮಾಡಲು ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಬ್ಯಾಂಕ್ ಸಮನ್ವಯ, ಸ್ಟಾಕ್ ಪರಿಶೀಲನೆ, ಆಡಿಟ್ ಕಡತ ಎಂದು ಎರಡು ಪುಟ ಆಯಿತು. ಅದನ್ನು ಓದಿದವರಿಗೆ ನಾನು ಎಷ್ಟು ಕೆಲಸ ಮಾಡುತ್ತೇನೆ ಎಂಬುದು ಗೊತ್ತಾಗುತ್ತದೆಯೇ ಹೊರತು, ನಾನಿಲ್ಲದ ಹತ್ತು ದಿನದಲ್ಲಿ ಏನು ನಿಲ್ಲುತ್ತದೆ ಎಂಬುದು ಗೊತ್ತಾಗುವುದಿಲ್ಲ. ಅಷ್ಟುದ್ದದ ಪಟ್ಟಿ ನೋಡಿದ ಮೇಲೆ ರಜೆ ಕೊಡಲು ಇನ್ನಷ್ಟು ಹೆದರಿಕೆಯೇ ಆಗುತ್ತದೆ.

ಆದ್ದರಿಂದ ಕ್ಯಾಲೆಂಡರ್‌ನಲ್ಲಿ ಹೊರಡುವ ದಿನ ಮತ್ತು ವಾಪಸ್ ಬರುವ ದಿನ ಗುರುತು ಮಾಡಿ, ಆ ಎರಡರ ನಡುವೆ ಬೀಳುವುದನ್ನು ಮಾತ್ರ ಬರೆದುಕೊಳ್ಳಿ. ನವೆಂಬರ್ 6 ಗುರುವಾರ. 15 ಶನಿವಾರ. 17ರ ಸೋಮವಾರ ನಾನು ಮತ್ತೆ ಮೇಜಿಗೆ. ಈ ನಡುವೆ ಸಿಕ್ಕಿದ್ದು ಇವು: 7ಕ್ಕೆ ಅಕ್ಟೋಬರ್ ತಿಂಗಳ ಟಿಡಿಎಸ್ ಕಟ್ಟಬೇಕು. 7 ಮತ್ತು 14, ಎರಡು ಶುಕ್ರವಾರ, ಮಾಲು ಕೊಡುವವರಿಗೆ ಹಣ ಹೋಗಬೇಕು. 11ಕ್ಕೆ ಅಕ್ಟೋಬರ್ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಸಲ್ಲಿಸಬೇಕು. 15ಕ್ಕೆ ಪಿಎಫ್, ಇಎಸ್‌ಐ. ಇವುಗಳ ಜೊತೆಗೆ ದಿನವೂ ಇರುವ ಇ-ಇನ್‌ವಾಯ್ಸ್, ಇ-ವೇ ಬಿಲ್.

ಜಿಎಸ್‌ಟಿಆರ್-3ಬಿ ಮತ್ತು ವೃತ್ತಿ ತೆರಿಗೆಯ ಕೊನೆಯ ದಿನ 20. ನಾನು 17ಕ್ಕೇ ಬರುತ್ತೇನೆ, ಕೈಯಲ್ಲಿ ನಾಲ್ಕು ದಿನ ಇರುತ್ತದೆ. ಹಾಗಾಗಿ ಇವು ಯಾರಿಗೂ ವಹಿಸುವ ಕೆಲಸಗಳಲ್ಲ. ಆದರೂ ಟಿಪ್ಪಣಿಯಲ್ಲಿ ಒಂದು ಸಾಲು ಇರಲಿ, ಏಕೆಂದರೆ ಮ್ಯಾನೇಜರ್ ತಲೆಯಲ್ಲಿ 20ನೇ ತಾರೀಕು ಓಡುತ್ತಲೇ ಇರುತ್ತದೆ.

ವಾರವನ್ನೂ ನೋಡಿ. 8ನೇ ತಾರೀಕು ಎರಡನೇ ಶನಿವಾರ, ಬ್ಯಾಂಕ್ ಇಲ್ಲ, ಮೇಲಾಗಿ ಅವತ್ತು ಕನಕ ಜಯಂತಿ. 9 ಭಾನುವಾರ. ಅಂದರೆ 7ರ ಶುಕ್ರವಾರ ಯಾವುದಾದರೂ ಪಾವತಿ ಸಿಕ್ಕಿಹಾಕಿಕೊಂಡರೆ ಬ್ಯಾಂಕಿನವರನ್ನು ಹಿಡಿದು ಸರಿ ಮಾಡಿಸಲು ಸೋಮವಾರದವರೆಗೆ ಕಾಯಬೇಕು. ಟಿಡಿಎಸ್‌ನಲ್ಲಿ ಇದು ದುಬಾರಿ. ಕಡಿತ ಮಾಡಿದ ಟಿಡಿಎಸ್ ತಡವಾಗಿ ಕಟ್ಟಿದರೆ ತಿಂಗಳಿಗೆ 1.5% ಬಡ್ಡಿ, ತಿಂಗಳ ಒಂದು ಭಾಗವನ್ನೂ ಪೂರ್ತಿ ತಿಂಗಳೆಂದೇ ಲೆಕ್ಕ ಹಿಡಿಯುತ್ತಾರೆ. ಅಕ್ಟೋಬರ್‌ನಲ್ಲಿ ಹಿಡಿದದ್ದನ್ನು ನವೆಂಬರ್ 7ರ ಬದಲು 10ಕ್ಕೆ ಕಟ್ಟಿದರೂ ಎರಡು ತಿಂಗಳ ಬಡ್ಡಿ, 3%, ಬೀಳುತ್ತದೆ.

ಹಂತ 2: ಹೋಗುವ ಮೊದಲೇ ಮುಗಿಯುವುದನ್ನು ಮುಗಿಸಿ

ಒಪ್ಪಿಗೆ ಬೇಗ ಸಿಗುವಂತೆ ಮಾಡುವ ಹಂತ ನನ್ನ ಲೆಕ್ಕದಲ್ಲಿ ಇದೇ. ಮೇಲಿನ ಪಟ್ಟಿಯ ಒಂದೊಂದು ಕೆಲಸಕ್ಕೂ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇದು 5ರ ಸಂಜೆಯೊಳಗೆ ಮುಗಿಯುತ್ತದೆಯೇ?

ಟಿಡಿಎಸ್ ಮುಗಿಯುತ್ತದೆ. ಅಕ್ಟೋಬರ್ ಲೆಕ್ಕ 3ನೇ ತಾರೀಕಿಗೆ ಗಟ್ಟಿಯಾದರೆ 4ಕ್ಕೆ ಚಲನ್ ಕಟ್ಟಬಹುದು. 7 ಎಂಬುದು ಕೊನೆಯ ದಿನ, ಅವತ್ತೇ ಕಟ್ಟಬೇಕೆಂದೇನಿಲ್ಲ. ಪಿಎಫ್ ಮತ್ತು ಇಎಸ್‌ಐ ಕೂಡ ಮುಗಿಯುತ್ತವೆ. ಹಾಜರಿ ಲೆಕ್ಕ ಸಿಕ್ಕಿ ಸಂಬಳ ತಯಾರಾದ ಕೂಡಲೇ ಪಿಎಫ್ ವಿವರದ ಇಸಿಆರ್ ಕಡತ ಅಪ್‌ಲೋಡ್ ಮಾಡಿ ಚಲನ್ ತೆಗೆದು ಹಣ ಕಟ್ಟಬಹುದು. ಇದಕ್ಕೆ ಹಾಜರಿ ಪಟ್ಟಿ ಎರಡು ದಿನ ಬೇಗ ಬೇಕೆಂದು ಎಚ್‌ಆರ್‌ನವರನ್ನು ತಿಂಗಳ ಕೊನೆಯ ವಾರದಲ್ಲೇ ಕೇಳಿಟ್ಟುಕೊಂಡೆ. 7ರ ಶುಕ್ರವಾರದ ಪಾವತಿ ಅರ್ಧ ಮುಗಿಯುತ್ತದೆ. ಪಟ್ಟಿ ತಯಾರಿಸಿ ಬ್ಯಾಂಕಿನಲ್ಲಿ ಮೇಕರ್ ಎಂಟ್ರಿ ಹಾಕಿದರೆ, ಶುಕ್ರವಾರ ಮ್ಯಾನೇಜರ್ ಎಂದಿನಂತೆ ಅಪ್ರೂವ್ ಮಾಡುವುದಷ್ಟೇ ಉಳಿಯುತ್ತದೆ.

ಜಿಎಸ್‌ಟಿಆರ್-1 ಮಾತ್ರ ನಮ್ಮಲ್ಲಿ ಮುಗಿಯುವುದಿಲ್ಲ. ಅಕ್ಟೋಬರ್‌ನಲ್ಲಿ ಹೋದ ಮಾಲಿನ ಕ್ರೆಡಿಟ್ ನೋಟ್‌ಗಳನ್ನು ಡಿಸ್ಪ್ಯಾಚ್‌ನವರು ಖಚಿತಪಡಿಸಿ ಕೊಡುವ ಹೊತ್ತಿಗೆ 8ನೇ ತಾರೀಕು ದಾಟಿರುತ್ತದೆ. 14ರ ಪಾವತಿ ಮತ್ತು ದಿನನಿತ್ಯದ ಇ-ವೇ ಬಿಲ್ ಸಹ ಉಳಿಯುತ್ತವೆ.

ಆರು ಕೆಲಸದ ಪಟ್ಟಿ ಹೀಗೆ ಮೂರಕ್ಕೆ ಇಳಿಯಿತು. "ಹತ್ತು ದಿನ ರಜೆ, ಉಳಿಯುವುದು ಮೂರೇ ಕೆಲಸ" ಎಂದು ಕಂಡಾಗ ಸಹಿ ಹಾಕುವವರ ಮನಸ್ಸು ಅರ್ಧ ಹಗುರವಾಗುತ್ತದೆ.

ಹಂತ 3: ಕೆಲಸ ಹಿಡಿಯುವವರನ್ನು ಅರ್ಜಿ ಕೊಡುವ ಮೊದಲೇ ಕೇಳಿ

"ನನ್ನ ಕೆಲಸವನ್ನು ಸಹೋದ್ಯೋಗಿಗಳು ನೋಡಿಕೊಳ್ಳುತ್ತಾರೆ" ಎಂಬ ಸಾಲು ಯಾವ ಅರ್ಜಿಯಲ್ಲೂ ಬೇಡ. ಯಾರು ಎಂದಿಲ್ಲದಿದ್ದರೆ ಯಾರೂ ಇಲ್ಲ ಎಂದೇ ಅರ್ಥ. ಒಂದೊಂದು ಕೆಲಸಕ್ಕೂ ಒಬ್ಬರ ಹೆಸರು ಇರಬೇಕು, ಅವರು ಒಪ್ಪಿರಬೇಕು, ಒಪ್ಪಿದ್ದಾರೆ ಎಂಬುದೂ ಟಿಪ್ಪಣಿಯಲ್ಲಿ ಬರಬೇಕು. ಮ್ಯಾನೇಜರ್ ಅವರನ್ನೇ ಕರೆದು "ನಿಮಗೆ ಇದು ಗೊತ್ತಾ?" ಎಂದು ಕೇಳಿದಾಗ ಅವರು ತಬ್ಬಿಬ್ಬಾದರೆ ನಿಮ್ಮ ಟಿಪ್ಪಣಿಯ ಮೇಲಿನ ನಂಬಿಕೆ ಅಲ್ಲಿಗೇ ಹೋಗುತ್ತದೆ.

ಕೇಳುವಾಗ ಎರಡು ವಿಷಯ ಬಿಡಿಸಿ ಹೇಳಿ. ಎಷ್ಟು ಹೊತ್ತಿನ ಕೆಲಸ ಎಂಬುದು ಒಂದು. "ಇ-ವೇ ಬಿಲ್ ನೋಡ್ಕೊಳ್ಳಿ" ಎಂದರೆ ಭಾರವಾಗಿ ಕೇಳುತ್ತದೆ. "ದಿನಕ್ಕೆ ಆರೇಳು ಬಿಲ್ ಇರತ್ತೆ, ಮಧ್ಯಾಹ್ನ ಮೂರರ ಮೇಲೆ ಮುಕ್ಕಾಲು ಗಂಟೆ ಕೆಲಸ" ಎಂದರೆ ಎದುರಿನವರು ತಮ್ಮ ದಿನ ನೋಡಿಕೊಂಡು ಸರಿಯಾದ ಉತ್ತರ ಕೊಡುತ್ತಾರೆ. ಅವರು ಆ ದಿನಗಳಲ್ಲಿ ಕಚೇರಿಯಲ್ಲೇ ಇರುತ್ತಾರೆಯೇ ಎಂಬುದು ಇನ್ನೊಂದು. ನಮ್ಮ ಬಿಲ್ಲಿಂಗ್ ಸಹಾಯಕಿಗೆ 10ನೇ ತಾರೀಕು ಮಗುವಿನ ಶಾಲೆಯ ಕೆಲಸವಿತ್ತು. ಕೇಳಿದ್ದಕ್ಕೆ ಗೊತ್ತಾಯಿತು, ಆ ಒಂದು ದಿನಕ್ಕೆ ಸ್ಟೋರ್ಸ್‌ನವರನ್ನು ಒಪ್ಪಿಸಿದೆ.

ಎಲ್ಲವನ್ನೂ ಒಬ್ಬರ ಮೇಲೆಯೇ ಹೊರಿಸಬೇಡಿ, ಹಾಗೆಂದು ಮೂರು ಕೆಲಸಕ್ಕೆ ಮೂವರನ್ನೂ ಹಾಕಬೇಡಿ. ಇಬ್ಬರಾದರೆ ಸಾಕು. ಅವರಲ್ಲಿ ಒಬ್ಬರನ್ನು ಮುಖ್ಯ ವ್ಯಕ್ತಿ ಎಂದು ಗುರುತಿಸಿ. ಗೊಂದಲವಾದಾಗ ಮ್ಯಾನೇಜರ್ ಯಾರನ್ನು ಕರೆಯಬೇಕು ಎಂಬುದು ಒಂದೇ ಹೆಸರಾಗಿರಲಿ.

ಹಂತ 4: ಲಾಗಿನ್ ಮತ್ತು ಒಟಿಪಿ ಯಾರ ಫೋನಿಗೆ ಬರುತ್ತದೆ?

ಹಿಂದೊಮ್ಮೆ ಎರಡೇ ದಿನದ ರಜೆಗೆ ಊರಿಗೆ ಹೋಗಿದ್ದೆ. ಇ-ವೇ ಬಿಲ್ ಪೋರ್ಟಲ್‌ನ ನನ್ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಮಧ್ಯಾಹ್ನ ಹೊಸೂರಿಗೆ ಹೊರಡಬೇಕಾದ ಗಾಡಿಗೆ ಲೋಡ್ ಆಯಿತು. ಪಾಸ್‌ವರ್ಡ್ ಹಾಕಿದ ಕೂಡಲೇ ಪೋರ್ಟಲ್ ಒಟಿಪಿ ಕೇಳಿತು. ಒಟಿಪಿ ಬಂದಿದ್ದು ನನ್ನ ಫೋನಿಗೆ, ನಾನಿದ್ದದ್ದು ಘಾಟಿ ಇಳಿಯುವ ಬಸ್ಸಿನಲ್ಲಿ, ಸಿಗ್ನಲ್ ಇರಲಿಲ್ಲ. ಎರಡೂವರೆ ಗಂಟೆ ಗಾಡಿ ಗೇಟಿನಲ್ಲೇ ನಿಂತಿತು. 50,000 ರೂಪಾಯಿಗೆ ಮೇಲ್ಪಟ್ಟ ಮಾಲು ಇ-ವೇ ಬಿಲ್ ಇಲ್ಲದೆ ಹೊರಡುವಂತಿಲ್ಲವಲ್ಲ. ಡ್ರೈವರ್‌ಗೆ ಕಾಯುವ ಬಾಡಿಗೆ ಕೊಟ್ಟಿದ್ದು ಕಂಪನಿ. ನನ್ನ ಮುಂದಿನ ರಜೆ ಅರ್ಜಿಯ ಹೊತ್ತಿಗೂ ಆ ಮಾತು ಬಂತು.

2025ರ ಏಪ್ರಿಲ್ 1ರಿಂದ ಆ ಪೋರ್ಟಲ್‌ನಲ್ಲಿ ಒಟಿಪಿ ಎಲ್ಲ ವ್ಯವಹಾರಸ್ಥರಿಗೂ ಕಡ್ಡಾಯವಾಗಿದೆ. ಇದಕ್ಕೆ ದಾರಿ ಪಾಸ್‌ವರ್ಡ್ ಹಂಚುವುದಲ್ಲ. ಕಂಪನಿಯ ಮುಖ್ಯ ಲಾಗಿನ್‌ನಿಂದ ಬದಲಿ ವ್ಯಕ್ತಿಯ ಹೆಸರಿನಲ್ಲಿ ಸಬ್ ಯೂಸರ್ ತೆರೆದು, ಅವರದೇ ಮೊಬೈಲ್ ನಂಬರ್ ನೋಂದಾಯಿಸಬೇಕು. ಆಗ ಒಟಿಪಿ ಅವರ ಫೋನಿಗೇ ಬರುತ್ತದೆ, ಬಿಲ್ ಮಾಡಿದವರು ಯಾರು ಎಂಬುದಕ್ಕೂ ದಾಖಲೆ ಉಳಿಯುತ್ತದೆ. ಬ್ಯಾಂಕಿನ ಮೇಕರ್ ಹಕ್ಕನ್ನೂ ಹೀಗೇ ಬ್ಯಾಂಕಿನ ಮೂಲಕವೇ ಕೊಡಿಸಬೇಕು. ಅದಕ್ಕೆ ಡೈರೆಕ್ಟರ್ ಸಹಿ, ಅರ್ಜಿ ಎಂದು ದಿನಗಳು ಹಿಡಿಯುತ್ತವೆ. ಆದ್ದರಿಂದ ರಜೆಗೆ ಮೂರು ವಾರ ಇರುವಾಗಲೇ ಶುರು ಮಾಡಿ.

ಇನ್ನು ಜಿಎಸ್‌ಟಿಆರ್-1 ಸಲ್ಲಿಸಲು ಬೇಕಾದ ಡಿಜಿಟಲ್ ಸಹಿಯ ಟೋಕನ್. ಪೆನ್‌ಡ್ರೈವ್‌ನಂತಿರುವ ಆ ವಸ್ತು ಯಾರ ಡ್ರಾಯರ್‌ನಲ್ಲಿದೆ, ಅದರ ಅವಧಿ ಯಾವಾಗ ಮುಗಿಯುತ್ತದೆ, ಯಾವ ಕಂಪ್ಯೂಟರ್‌ನಲ್ಲಿ ಅದು ಕೆಲಸ ಮಾಡುತ್ತದೆ ಎಂಬುದನ್ನು ನೋಡಿಡಿ. ನಮ್ಮಲ್ಲಿ ಅದರ ಸಾಫ್ಟ್‌ವೇರ್ ನನ್ನ ಕಂಪ್ಯೂಟರ್‌ನಲ್ಲಿ ಮಾತ್ರ ಇತ್ತು. ಬದಲಿ ವ್ಯಕ್ತಿ ನನ್ನ ಮೇಜಿನಲ್ಲೇ ಕೂತು ಸಲ್ಲಿಸಬೇಕು ಎಂಬುದು ಟಿಪ್ಪಣಿ ಬರೆಯುವಾಗಷ್ಟೇ ಹೊಳೆಯಿತು.

ಹಂತ 5: ಬರೆಯುವುದು

ಇಷ್ಟಾದ ಮೇಲೆ ಬರೆಯಲು ಅರ್ಧ ಗಂಟೆ ಸಾಕು. ನಾನು ಕೊಟ್ಟ ಟಿಪ್ಪಣಿ ಹೀಗಿತ್ತು. ನಿಮ್ಮದರಲ್ಲಿ ಹುದ್ದೆಯ ಜೊತೆ ಹೆಸರನ್ನೂ ಬರೆಯಿರಿ.

> ವಿಷಯ: 6.11.2025ರಿಂದ 15.11.2025ರವರೆಗಿನ ರಜೆ, ಕೆಲಸದ ಹಸ್ತಾಂತರ
>
> ತಂಗಿಯ ಮದುವೆಗಾಗಿ ರಜೆ ಕೋರಿದ್ದೇನೆ. 17ರ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುತ್ತೇನೆ.
> ಅಕ್ಟೋಬರ್ ತಿಂಗಳ ಟಿಡಿಎಸ್, ಪಿಎಫ್, ಇಎಸ್‌ಐ ಮೂರನ್ನೂ 5ರೊಳಗೆ ಕಟ್ಟಿ, ಚಲನ್ ಪ್ರತಿಗಳನ್ನು ತಮಗೆ ಕಳುಹಿಸುತ್ತೇನೆ.
> ರಜೆಯಲ್ಲಿ ಉಳಿಯುವುದು ಕೆಳಗಿನ ಮೂರು ಕೆಲಸ. ವಹಿಸಿಕೊಳ್ಳುವವರು ಇಬ್ಬರೂ ಒಪ್ಪಿದ್ದಾರೆ, ಈ ಪತ್ರದ ಪ್ರತಿ ಅವರಿಗೂ ಇದೆ.
> ತಮ್ಮಿಂದ ಬೇಕಾಗುವುದು: 7 ಮತ್ತು 14ರಂದು ಬ್ಯಾಂಕಿನಲ್ಲಿ ಅಪ್ರೂವಲ್, 10ರಂದು ಡೈರೆಕ್ಟರ್ ಅವರ ಟೋಕನ್.
>
> 1. ಇ-ಇನ್‌ವಾಯ್ಸ್, ಇ-ವೇ ಬಿಲ್ (ದಿನವೂ): ಬಿಲ್ಲಿಂಗ್ ಸಹಾಯಕಿ. 10ರಂದು ಮಾತ್ರ ಸ್ಟೋರ್ಸ್ ಸಹಾಯಕರು. ಇಬ್ಬರಿಗೂ ಸಬ್ ಯೂಸರ್ ಲಾಗಿನ್ ಆಗಿದೆ. ಬಿಲ್ಲಿನಲ್ಲಿ ತಪ್ಪು ಕಂಡರೆ 24 ಗಂಟೆಯೊಳಗೆ ರದ್ದು ಮಾಡಬೇಕು, ಅದಕ್ಕೆ ಮೊದಲು ತಮಗೆ ತಿಳಿಸುತ್ತಾರೆ.
>
> 2. ಜಿಎಸ್‌ಟಿಆರ್-1 (ಕೊನೆಯ ದಿನ 11, ನಮ್ಮ ಗುರಿ 10ರ ಸಂಜೆ): ಕ್ಯಾಷಿಯರ್. 5ರವರೆಗಿನ ಎಂಟ್ರಿ ತಾಳೆ ನೋಡಿ ಮುಗಿಸಿರುತ್ತೇನೆ. ಉಳಿಯುವುದು ಡಿಸ್ಪ್ಯಾಚ್‌ನಿಂದ ಬರುವ ಕ್ರೆಡಿಟ್ ನೋಟ್‌ಗಳು. ನನ್ನ ಕಂಪ್ಯೂಟರ್‌ನಿಂದಲೇ ಸಲ್ಲಿಸಬೇಕು. ಸಲ್ಲಿಸಿದ ಮೇಲೆ ಬರುವ ಎಆರ್‌ಎನ್ ನಂಬರನ್ನು ತಮಗೆ ಕಳುಹಿಸುತ್ತಾರೆ.
>
> 3. ಪಾವತಿ (7 ಮತ್ತು 14): 7ರ ಮೇಕರ್ ಎಂಟ್ರಿ ನಾನೇ ಹಾಕಿರುತ್ತೇನೆ. 14ರದ್ದು ಕ್ಯಾಷಿಯರ್. ಲಗತ್ತಿಸಿದ ಪಟ್ಟಿಯಲ್ಲಿರುವವರಿಗೆ ಮಾತ್ರ. ಹೊಸ ಹೆಸರು ಅಥವಾ ಬದಲಾದ ಬ್ಯಾಂಕ್ ಖಾತೆ ಇದ್ದರೆ ನಾನು ಬರುವವರೆಗೆ ತಡೆಹಿಡಿಯುವುದು.
>
> ಕಾಯಬಹುದಾದದ್ದು: ಜಿಎಸ್‌ಟಿಆರ್-3ಬಿ ಮತ್ತು ವೃತ್ತಿ ತೆರಿಗೆ (20ಕ್ಕೆ), 17ರಿಂದ ನಾನೇ ನೋಡುತ್ತೇನೆ.
>
> ಮುಖ್ಯ ವ್ಯಕ್ತಿ: ಕ್ಯಾಷಿಯರ್. ನಾನು ಫೋನಿಗೆ ಸಿಗುವುದು ದಿನವೂ ಸಂಜೆ 6ರಿಂದ 7. ಮದುವೆಯ ಎರಡು ದಿನ, 9 ಮತ್ತು 10ರಂದು, ಸಿಗುವುದಿಲ್ಲ.

ಟಿಪ್ಪಣಿಯ ಮೊದಲ ಐದಾರು ಸಾಲು ಮ್ಯಾನೇಜರ್‌ಗೆ, ಕೆಳಗಿನದ್ದು ಕೆಲಸ ಹಿಡಿಯುವವರಿಗೆ. ಸಹಿ ಹಾಕುವವರು ಫೋನಿನಲ್ಲಿ ತೆರೆದಾಗ ಮೊದಲ ಪರದೆಯಲ್ಲೇ ಅವರ ಪ್ರಶ್ನೆಗಳು ತೀರಬೇಕು: ಯಾವಾಗ ಬರುತ್ತಾರೆ, ಏನು ಉಳಿದಿದೆ, ಯಾರು ಮಾಡುತ್ತಾರೆ, ನಾನೇನು ಮಾಡಬೇಕು. ಕೊನೆಯದನ್ನು ತುಂಬಾ ಜನ ಬರೆಯುವುದಿಲ್ಲ. ಮ್ಯಾನೇಜರ್ ಕೈಯಿಂದ ಆಗಬೇಕಾದ ಕೆಲಸವನ್ನು ತಾರೀಕಿನ ಸಮೇತ ಮೇಲೆಯೇ ಬರೆದುಬಿಟ್ಟರೆ, ಇದಕ್ಕಿಂತ ಹೆಚ್ಚೇನೂ ತಮಗೆ ಬರುವುದಿಲ್ಲ ಎಂಬ ಭರವಸೆ ಅವರಿಗೆ ಸಿಗುತ್ತದೆ.

ಜಿಎಸ್‌ಟಿಆರ್-1ಕ್ಕೆ ಒಂದು ದಿನ ಮುಂಚಿನ ಗುರಿ ಇಟ್ಟಿದ್ದಕ್ಕೂ ಕಾರಣವಿದೆ. 11 ದಾಟಿದರೆ ನಮ್ಮ ಬಿಲ್ಲುಗಳು ಗಿರಾಕಿಗಳಿಗೆ ತೆರಿಗೆ ಕ್ರೆಡಿಟ್ ತೋರಿಸುವ ಆ ತಿಂಗಳ 2ಬಿ ಪಟ್ಟಿಯಲ್ಲಿ ಬರುವುದಿಲ್ಲ. 14ಕ್ಕೆ ಆ ಪಟ್ಟಿ ತಯಾರಾಗುತ್ತದೆ, ಮರುದಿನದಿಂದಲೇ "ನಿಮ್ ಬಿಲ್ ಕಾಣಿಸ್ತಿಲ್ಲ" ಎಂದು ಮ್ಯಾನೇಜರ್‌ಗೆ ಫೋನ್ ಶುರುವಾಗುತ್ತದೆ. ಅವರು ಹೆದರುವುದು ಇಂಥ ಫೋನಿಗೆ.

ಬ್ಯಾಂಕ್ ಖಾತೆ ಬದಲಾವಣೆಯ ಸಾಲನ್ನು ಅಕೌಂಟ್ಸ್‌ನವರು ದಯವಿಟ್ಟು ಬಿಡಬೇಡಿ. "ನಮ್ಮ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ" ಎಂದು ಪರಿಚಿತ ಕಂಪನಿಯ ಹೆಸರಿನಲ್ಲಿ ಬರುವ ಮೋಸದ ಮೇಲ್‌ಗಳು ಇವೆ. ದಿನವೂ ಆ ಕಂಪನಿಯವರ ಜೊತೆ ಮಾತಾಡುವ ನಿಮಗೆ ಅನುಮಾನ ಬಂದೀತು, ಹೊಸದಾಗಿ ಕೂತವರಿಗೆ ಬರಲಿಕ್ಕಿಲ್ಲ. ಬದಲಿ ವ್ಯಕ್ತಿ ಯಾವುದನ್ನು ತಾವೇ ನಿರ್ಧರಿಸಬಹುದು, ಯಾವುದನ್ನು ಕೇಳಿಯೇ ಮಾಡಬೇಕು, ಯಾವುದನ್ನು ಮುಟ್ಟಬಾರದು ಎಂಬ ಗೆರೆ ಎಲ್ಲ ಕೆಲಸಕ್ಕೂ ಬೇಕು. ಹಣದ ಕೆಲಸದಲ್ಲಿ ಅದು ಬರಹದಲ್ಲೇ ಇರಬೇಕು.

ಪಾಸ್‌ವರ್ಡ್, ಪಿನ್, ಸಂಬಳದ ಪಟ್ಟಿ ಟಿಪ್ಪಣಿಯಲ್ಲಿ ಬೇಡ. ಅದು ಎಚ್‌ಆರ್‌ಗೆ, ಇನ್ನೂ ನಾಲ್ಕು ಜನಕ್ಕೆ ಹೋಗುವ ಕಾಗದ. ಕೆಲಸ ಮಾಡುವ ವಿಧಾನವನ್ನೂ ಇದರಲ್ಲೇ ತುಂಬಬೇಡಿ. ಪರದೆಯ ಚಿತ್ರಗಳ ಸಮೇತ ಅದನ್ನು ಬೇರೆ ಕಡತದಲ್ಲಿಟ್ಟು, ಆ ಕಡತ ಯಾವ ಫೋಲ್ಡರ್‌ನಲ್ಲಿದೆ ಎಂದು ಬದಲಿ ವ್ಯಕ್ತಿಗೆ ತೋರಿಸಿ.

ಫೋನಿಗೆ ಸಿಗುವ ಹೊತ್ತನ್ನು ಬರೆಯುವಾಗ ನಿಜ ಬರೆಯಿರಿ. "ಯಾವಾಗ ಬೇಕಾದರೂ ಕರೆ ಮಾಡಿ" ಎಂದು ಬರೆದು, ಧಾರೆಯ ಹೊತ್ತಿಗೆ ಫೋನ್ ಎತ್ತದೆ ಹೋದರೆ ನಿಮ್ಮ ಮಾತೇ ಸುಳ್ಳಾಗುತ್ತದೆ. ಸಿಗುವುದಿಲ್ಲ ಎಂದು ಮೊದಲೇ ತಿಳಿದರೆ ಅವರು ಆ ದಿನಗಳಿಗೆ ತಕ್ಕಂತೆ ಏರ್ಪಾಟು ಮಾಡಿಕೊಳ್ಳುತ್ತಾರೆ.

ಹಂತ 6: ಒಮ್ಮೆ ಮಾಡಿಸಿ ನೋಡಿ, ಆಮೇಲೆ ಕಳುಹಿಸಿ

ಟಿಪ್ಪಣಿ ಸರಿ ಇದೆಯೇ ಎಂದು ತಿಳಿಯಲು ಒಂದೇ ದಾರಿ: ಬದಲಿ ವ್ಯಕ್ತಿಯನ್ನು ಕೂರಿಸಿ, ನೀವು ಪಕ್ಕದಲ್ಲಿ ಸುಮ್ಮನೆ ಕೂತು, ನಿಜವಾದ ಒಂದು ಇ-ವೇ ಬಿಲ್ ಮಾಡಿಸಿ. ಮೌಸ್ ಮುಟ್ಟಬೇಡಿ. ಅವರು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ ಅಲ್ಲಿ ನಿಮ್ಮ ಬರಹದಲ್ಲಿ ಏನೋ ಬಿಟ್ಟುಹೋಗಿದೆ. ನಮ್ಮ ಸಹಾಯಕಿ ವಾಹನದ ನಂಬರ್ ಹಾಕುವ ಭಾಗ-ಬಿ ಹತ್ತಿರ ನಿಂತರು. ದಾರಿಯಲ್ಲಿ ಗಾಡಿ ಕೆಟ್ಟು ಬೇರೆ ಗಾಡಿಗೆ ಮಾಲು ಹಾಕಿದರೆ ಏನು ಮಾಡಬೇಕು ಎಂದು ಕೇಳಿದರು. ಹೊಸ ಬಿಲ್ ಬೇಡ, ಭಾಗ-ಬಿಯಲ್ಲಿ ಹೊಸ ವಾಹನದ ನಂಬರ್ ಸೇರಿಸಿದರೆ ಸಾಕು. ಇದು ನನಗೆ ಎಷ್ಟು ರೂಢಿಯಾಗಿತ್ತೆಂದರೆ ಬರೆಯಬೇಕೆಂದೇ ತೋಚಿರಲಿಲ್ಲ.

ಅರ್ಜಿ ಮತ್ತು ಟಿಪ್ಪಣಿ ಒಟ್ಟಿಗೇ ಹೋಗಬೇಕು. ಅರ್ಜಿ ಇವತ್ತು, ಟಿಪ್ಪಣಿ ನಾಳೆ ಎಂದರೆ ಮೊದಲ ಓದಿಗೇ ಪ್ರಶ್ನೆಗಳು ಏಳುತ್ತವೆ. ಎಚ್‌ಆರ್ ಪೋರ್ಟಲ್‌ನಲ್ಲಿ ಕಾರಣ ಬರೆಯಲು ಸಣ್ಣ ಜಾಗ ಮಾತ್ರ ಇದ್ದರೆ ಅಲ್ಲಿ "ಹಸ್ತಾಂತರ ಟಿಪ್ಪಣಿ ಮೇಲ್ ಮಾಡಿದ್ದೇನೆ, ಉಳಿಯುವ ಕೆಲಸ 3, ಇಬ್ಬರು ಒಪ್ಪಿದ್ದಾರೆ" ಎಂದಷ್ಟು ಹಾಕಿ. ವಾರಕ್ಕಿಂತ ಉದ್ದದ ರಜೆಗೆ ಮೂರು ವಾರ ಮೊದಲು ಕೊಡುವುದು ನನ್ನ ರೂಢಿ, ಲಾಗಿನ್ ಹಕ್ಕುಗಳಿಗೆ ಅಷ್ಟು ಸಮಯ ಬೇಕಾಗುತ್ತದೆ. ಆಗ "ಲಾಗಿನ್ ಆಗಿದೆ" ಎಂದು ಬರೆಯಲು ಆಗದಿದ್ದರೆ "ಅರ್ಜಿ ಕೊಟ್ಟಾಗಿದೆ, 3ರೊಳಗೆ ಆಗುತ್ತದೆ" ಎಂದು ಇದ್ದದ್ದನ್ನೇ ಬರೆಯಿರಿ.

ಎರಡು ದಿನವಾದರೂ ಉತ್ತರ ಬರದಿದ್ದರೆ "ರಜೆ ಏನಾಯ್ತು ಸರ್?" ಎಂದು ಕೇಳಬೇಡಿ. "ಟಿಪ್ಪಣಿಯಲ್ಲಿ ಯಾವ್ದಾದ್ರೂ ಕೆಲಸ ಬಿಟ್ಟುಹೋಗಿದ್ಯಾ ಸರ್?" ಎಂದು ಕೇಳಿ. ನಿಜವಾದ ಅಡ್ಡಿ ಏನೆಂದು ಆ ಉತ್ತರದಲ್ಲಿ ಸಿಗುತ್ತದೆ. ನನ್ನ ವಿಷಯದಲ್ಲಿ ಸಿಕ್ಕಿದ್ದು, ಅದೇ ವಾರ ಬ್ಯಾಂಕಿನವರು ಸ್ಟಾಕ್ ನೋಡಲು ಬರುವವರಿದ್ದರು ಎಂಬುದು. ಸ್ಟಾಕ್ ಪಟ್ಟಿಯನ್ನು 5ರೊಳಗೆ ಮುಗಿಸಿ ಕೊಡುತ್ತೇನೆ ಎಂದು ಒಂದು ಸಾಲು ಸೇರಿಸಿ ಮತ್ತೆ ಕಳುಹಿಸಿದೆ. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಒಪ್ಪಿಗೆ ಬಂತು.

ದಿಢೀರ್ ರಜೆಗೆ

ಜ್ವರ ಬಂದಾಗ, ಮನೆಯಲ್ಲಿ ಯಾರಿಗೋ ಹುಷಾರಿಲ್ಲದಾಗ ಇಷ್ಟೆಲ್ಲ ಆಗುವುದಿಲ್ಲ. ಆಗ ಬೆಳಿಗ್ಗೆಯೇ ವಾಟ್ಸಾಪ್‌ನಲ್ಲಿ ಮೂರು ಸಾಲು ಸಾಕು: ಇವತ್ತು ನಾಳೆ ಬರಲಾಗುವುದಿಲ್ಲ, ಇವತ್ತು ಗಡುವಿರುವುದು ಇದೊಂದೇ, ಇವರಿಗೆ ಹೇಳಿದ್ದೇನೆ, ಕಡತ ಇಲ್ಲಿದೆ, ಉಳಿದದ್ದು ನಾನು ಬರುವವರೆಗೆ ಕಾಯುತ್ತದೆ. ಇದನ್ನು ಬರೆಯಲು ಆಗಬೇಕಾದರೆ ಸಬ್ ಯೂಸರ್ ಲಾಗಿನ್, ವಿಧಾನದ ಕಡತ ಮೊದಲೇ ಇರಬೇಕು. ನಾನು ವಾಪಸ್ ಬಂದ 17ರಂದು ಬದಲಿ ವ್ಯಕ್ತಿಗಳ ಲಾಗಿನ್‌ಗಳನ್ನು ತೆಗೆಸದೆ, ಮ್ಯಾನೇಜರ್ ಒಪ್ಪಿಗೆ ಪಡೆದು ಹಾಗೇ ಉಳಿಸಿಕೊಂಡೆ. ಜನವರಿಯಲ್ಲಿ ಎರಡು ದಿನ ಜ್ವರದಿಂದ ಮಲಗಿದ್ದಾಗ ಗಾಡಿಗಳು ಹೊರಟಿದ್ದು ಅದರಿಂದಲೇ.